ಆಳದ ಹರಿವೇ ಗಡಿ

"ಆ ಲೋಟ ಮುಟ್ಬೇಡ ಕಣೇ! ಅದು ನಿಯೋಗದವ್ರಿಗೆ ಇಟ್ಟಿರೋದು. ನಿನ್ ಹೊಳೆ ಅಷ್ಟುದ್ದ ಹರೀತಿದ್ಯಲ್ಲ, ಹೋಗಿ ಅಲ್ಲಿ ಕುಡಿ."

ಹಿರಿಯ ಸಾಹೇಬರು ಹಾಗಂದಾಗ ದುಭಾಷಿ ಹುಡುಗಿ ಒಣಗಿದ ಗಂಟಲಿನಲ್ಲೇ ಕೈ ಹಿಂದೆಗೆದಳು. ಎರಡು ದೇಶಗಳ ನಡುವಿನ ಹೊಳೆಯ ಬಗ್ಗೆ ಗಡಿ ಒಪ್ಪಂದದ ಮಾತುಕತೆ ನಡೆಯುತ್ತಿತ್ತು. ಮೇಜಿನ ಆಚೆ ಆ ದೇಶದವರು, ಈಚೆ ಸಾಹೇಬರ ಕಡೆಯವರು. ಎರಡೂ ಕಡೆಯ ಮಾತು ಬಲ್ಲವಳು ಇವಳೊಬ್ಬಳೇ. ನಡುಹೊಳೆಯ ಮರಳುದಿಬ್ಬದ ಕೂಲಿಗಳಲ್ಲಿ ಹುಟ್ಟಿ, ಸಂಜೆ ಕಾಲೇಜಿನಲ್ಲಿ ಓದಿದವಳು. ಅವಳ ನಾಲಿಗೆ ಎಲ್ಲರಿಗೂ ಬೇಕಿತ್ತು, ಬಾಯಾರಿಕೆ ಯಾರಿಗೂ ಬೇಡವಾಗಿತ್ತು.

ನಾಲ್ಕನೇ ಕಲಮಿಗೆ ಬಂದಾಗ ಆ ನಾಲಿಗೆ ತಡವರಿಸಿತು. 'ಹೊಳೆಯ ಆಳದ ಹರಿವೇ ಗಡಿ.' ನೀರು ಎಲ್ಲಿ ಅತಿ ಆಳವೋ ಅಲ್ಲಿ ಗೆರೆ. ಅಷ್ಟೇ. ಯಾವತ್ತಿನ ಹರಿವು? ಇಂದಿನ ಹರಿವನ್ನು ಅಳೆದು ನಕ್ಷೆಯಲ್ಲಿ ಗೆರೆ ಎಳೆದರೆ ಗಡಿ ನಿಂತ ಕಡೆ ನಿಲ್ಲುತ್ತದೆ. ಹೊಳೆಯೊಂದಿಗೇ ಸರಿಯಲಿ ಎಂದು ಬರೆದರೆ ಸರಿಯುತ್ತದೆ. ಕರಡಿನಲ್ಲಿ ದಿನಾಂಕವೂ ಇಲ್ಲ, ನಕ್ಷೆಯೂ ಇಲ್ಲ, ಸರಿಯುವ ಮಾತೂ ಇಲ್ಲ. ಹೊಳೆಯೋ ನೆರೆ ಬಂದಾಗಲೆಲ್ಲ ದಿಬ್ಬದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅಲ್ಲಿ ಕಲ್ಲಂಗಡಿ ಬಳ್ಳಿಗೆ ನೀರು ಹೊರುವ ಅಮ್ಮ, ಚಿಕ್ಕಮ್ಮ ಕಾಲು ಕೀಳದೆಯೇ ನುಸುಳುಕೋರರಾಗಬಹುದು. ಎರಡೂ ಪಡೆಗಳಿಗೆ ತಲಾ ಒಂದು ಅರ್ಥ, ತಲಾ ಒಂದು ಕೋವಿ.

ಚಹಾದ ಬಿಡುವಿನಲ್ಲಿ ಅವಳು ಹೆದರುತ್ತಲೇ ಹೇಳಿದಳು: "ಸಾರ್, ನಾನೇ ತಪ್ಪು ತಿಳಿದಿರಬಹುದು... ಯಾವತ್ತಿನ ಹರಿವು ಅಂತ ಬರೆದೇ ಇಲ್ಲ."

"ಬೇಕಂತಲೇ ಬಿಟ್ಟಿರೋದು ಕಣೇ." ಸಾಹೇಬರು ಬಿಸ್ಕತ್ತು ಅದ್ದಿದರು. "ಹೊಳೆ ಆ ಕಡೆ ಹೋದ್ರೆ ಗಡಿನೂ ಹೋಯ್ತು ಅಂತೀವಿ. ಈ ಕಡೆ ಬಂದ್ರೆ ಹಳೇ ಗೆರೆನೇ ಅಂತೀವಿ. ಅವರೂ ಅದೇ ಲೆಕ್ಕದಲ್ಲಿದಾರೆ. ಇಲ್ಲದಿದ್ರೆ ಇಷ್ಟು ಬೇಗ ಸ್ನೇಹ ಆಗುತ್ತಾ? ದುಭಾಷಿ ಅಂದ್ರೆ ಕೊಳವೆ. ಕೊಳವೆಗೆ ಬಾಯಿರುತ್ತೆ, ಹೊಟ್ಟೆ ಇರಲ್ಲ."

ಆದರೆ ಕೊಳವೆಗೂ ಕಟ್ಟಳೆಗಳಿದ್ದವು. ಮಾತು ಸ್ಪಷ್ಟವಾಗದಿದ್ದರೆ 'ದುಭಾಷಿ ಕೇಳುತ್ತಾಳೆ' ಎಂದು ಕೇಳಬಹುದು. ಮೇಜಿನಲ್ಲಿ ಯಾರು ಏನಾಡಿದರೂ, ಅವರೇ ಆಡಿದಂತೆ 'ನಾನು' ಎಂದು, ಒಂದಕ್ಷರ ಬಿಡದೆ ದಾಟಿಸಬೇಕು. ಆಡಿದ್ದೆಲ್ಲ ನಡಾವಳಿಗೆ ಸೇರುತ್ತದೆ. ನಾಳೆ ಕಲಮಿನ ಅರ್ಥಕ್ಕೆ ಜಗಳವಾದರೆ ನ್ಯಾಯಾಧೀಶರು ಬಿಚ್ಚಿ ನೋಡುವುದು ಆ ನಡಾವಳಿಯನ್ನೇ.

ಸಹಿಗೆ ಪೆನ್ನುಗಳ ಮುಚ್ಚಳ ಕಳಚಿದವು. ಅವಳು ಎದ್ದು ನಿಂತಳು.

"ದುಭಾಷಿ ಕೇಳುತ್ತಾಳೆ," ಎಂದು ಎರಡೂ ಭಾಷೆಯಲ್ಲಿ ಹೇಳಿದಳು. "ನಾಲ್ಕನೇ ಕಲಮು ಸ್ಪಷ್ಟವಿಲ್ಲ. ಹೊಳೆ ಸರಿದರೆ ಗಡಿ ಸರಿಯುತ್ತದೋ, ಇಲ್ಲವೋ?"

ನಡಾವಳಿ ಬರೆಯುವ ಗುಮಾಸ್ತ ಬರೆದುಕೊಂಡ. ಸಾಹೇಬರು ಮೈಕು ಮರೆತು ಎದ್ದರು.

"ಮುಚ್ಚೇ ಬಾಯಿ, ಬೋಳಿಮಗಳೇ! ಯಾವಾಗ ಯಾವುದು ನಮಗೆ ಲಾಭಾನೋ ಆವಾಗ ಅದೇ ಅರ್ಥ! ದಿಬ್ಬದ ಹುಳಗಳು ಕೊಚ್ಕೊಂಡು ಹೋಗ್ಲಿ, ನನಗೇನು?"

ಅವಳು ಆ ಕಡೆಯವರತ್ತ ತಿರುಗಿದಳು. ಬೈಗುಳದಿಂದಲೇ ಶುರುಮಾಡಿ, ತಗ್ಗಿದ ದನಿಯಲ್ಲಿ, 'ನನಗೇನು' ಎಂಬುವವರೆಗೆ ಎಲ್ಲವನ್ನೂ ದಾಟಿಸಿದಳು. ಆ ಕಡೆಯ ಮುಖ್ಯಸ್ಥರು ದಿನವಿಡೀ ತಲೆಯಾಡಿಸಿದ ರೂಢಿಯಲ್ಲೇ, "ನಮ್ಮದೂ ಅದೇ ಅಭಿಪ್ರಾಯ," ಎಂದುಬಿಟ್ಟರು. ಅದನ್ನೂ ಅವಳು ಈ ಕಡೆಗೆ ದಾಟಿಸಿದಳು.

ಬಾಗಿಲಲ್ಲಿದ್ದ ಕಾವಲಿನವರಿಬ್ಬರು ಬಂದು ಅವಳ ತೋಳು ಹಿಡಿದರು. ಗುಮಾಸ್ತನ ಪೆನ್ನು ಅರ್ಧದಲ್ಲೇ ನಿಂತಿತ್ತು.

"ಅಣ್ಣಾ," ಎಂದಳು ಅವಳು, "ಪೂರ್ತಿ ಬರ್ಕೊಂಡ್ರಾ? ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ."