ಕಲ್ಲಿಗೂ ಚಿನ್ನದ ದರ

ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದ ನರ್ಸಿಗೆ ಕಣ್ಣು ಎಳೆಯುತ್ತಿತ್ತು. ಕೆಲಸ ಸಿಕ್ಕಿದ ತಂಗಿಗೆಂದು ಅವಳು ಆನ್‌ಲೈನಿನಲ್ಲಿ ತರಿಸಿದ್ದ ಚಿನ್ನದ ಪದಕವನ್ನು ತಂಗಿ ಆಗಲೇ ಕೊರಳಿಗೆ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಕತ್ತರಿ.

"ಟ್ಯಾಗ್ ಕತ್ತರಿಸ್ಬೇಡ ಕಣೇ. ಅದು ಹೋದ್ರೆ ವಾಪಸ್ ತಗೊಳ್ಳಲ್ಲ."

ಕೂತಲ್ಲೇ ಅವಳು ಪದಕದ ಜೊತೆ ಬಂದಿದ್ದ ಸರ್ಟಿಫಿಕೇಟಿನ ನಂಬರನ್ನು, ಅದನ್ನು ಕೊಟ್ಟ ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದಳು. ಸರ್ಟಿಫಿಕೇಟು ಅಸಲಿಯೇ. ಒಟ್ಟು ತೂಕ ಐದು ಗ್ರಾಂ, ಅದರಲ್ಲಿ ಕಲ್ಲೇ ಒಂದು ಗ್ರಾಂ ಎಂದಿತ್ತು. ಬಿಲ್ಲಿನಲ್ಲಿ ಮಾತ್ರ ಐದಕ್ಕೂ ಚಿನ್ನದ ದರ ಹಾಕಿ, ಕಲ್ಲಿಗೆ ಬೇರೆ ದುಡ್ಡು ಹಿಡಿದಿದ್ದರು. ಮಜೂರಿಯೂ ಐದರ ಮೇಲೆಯೇ.

ಫೋನು ಮಾಡಿದರೆ ಅಂಗಡಿಯವನು, "ಎಲ್ರೂ ಹೀಗೇ ಹಾಕೋದು ಮೇಡಂ," ಎಂದ.

"ಹಾಗಾದ್ರೆ ಆ ಕಲ್ಲನ್ನ ಕರಗಿಸಿ ಚಿನ್ನ ಮಾಡ್ಕೊಡಿ."

ಅವಳು ಬಿಲ್ಲನ್ನು ತಿರುಗಿಸಿ ಹಿಂಬದಿಯ ಷರತ್ತು ನೋಡಿದಳು.

"ವಾಪಸಿಗೆ ಏಳು ದಿನ ಅಂತ ನೀವೇ ಬರ್ದಿದೀರಿ. ಇವತ್ತು ಐದನೇ ದಿನ, ಟ್ಯಾಗೂ ಹಾಗೇ ಇದೆ."

ಕೊನೆಗೆ ಅವನು ಒಪ್ಪಿದ. ನಾಳೆ ಆಳು ಬಂದು ಒಯ್ಯುತ್ತಾನಂತೆ.

ಗೆದ್ದರೂ ಅವಳಿಗೆ ಹಿಗ್ಗಾಗಲಿಲ್ಲ. ಹುಡುಕಿ ಹುಡುಕಿ ಆರಿಸಿದ ಪದಕ ಅದು. ಮತ್ತೆ ಮೊದಲಿಂದ ಹುಡುಕಬೇಕು.

"ಚೆನ್ನಾಗಿತ್ತಲ್ವಾ?" ಎಂದಳು.

"ತುಂಬಾ ಚೆನ್ನಾಗಿತ್ತಕ್ಕ," ಎಂದು ತಂಗಿ ಪದಕವನ್ನು ಡಬ್ಬಿಗೆ ಹಾಕಿದಳು. "ನೀನು ಮಲಕ್ಕೋ ಹೋಗು. ಪಾರ್ಸೆಲ್ ನಾನು ಕಟ್ತೀನಿ."