ಬಿಟ್ಟುಹೋದ ಐದನೇ ಒಂದು

ನನ್ನ ಹೆಸರು ವೆಂಕಟಸ್ವಾಮಿ. ಮಾರೇನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ಹುಡುಗರು ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಸೀಮೆಸುಣ್ಣ ಎಸೆಯುವುದನ್ನು ಬಿಟ್ಟು ಎಂಟು ವರ್ಷವಾಯಿತು, ಅದೂ ಪ್ರಿನ್ಸಿಪಾಲರು ಕೈ ಮುಗಿದು ಕೇಳಿಕೊಂಡ ಮೇಲೆ. ಈ ಕತೆಯಲ್ಲಿ ಸೋಲುವವನು ನಾನೇ. ಆದರೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ, ನಮ್ಮ ಮನೆಯವಳಿಗಂತೂ ಕೇಳಿ ಕೇಳಿ ಸಾಕಾಗಿಹೋಗಿದೆ.

ನಮ್ಮಲ್ಲಿ ದಸರಾ ರಜೆ ಕಳೆದ ಮೇಲೆ ಎರಡನೇ ಪಿಯುಸಿಯವರಿಗೆ ಒಂದು ವಿಶೇಷ ಬ್ಯಾಚ್ ಶುರುವಾಗುತ್ತದೆ. ಬೆಳಿಗ್ಗೆ ಆರಕ್ಕೆ ಸಿಇಟಿ ಪಾಠ. ಆ ಬ್ಯಾಚಿಗೆ ಸೇರಿದವರಿಗೆ ಕಾಲೇಜಿನ ಹಿಂದಿರುವ ಹಾಸ್ಟೆಲಿನಲ್ಲಿ ಊಟ, ವಸತಿ. ಅದಕ್ಕೊಂದು ಪರೀಕ್ಷೆ ಇಡುತ್ತೇವೆ: ಅನುಕಲನದ, ಅಂದರೆ ಇಂಟಿಗ್ರೇಷನ್ನಿನ, ಇಪ್ಪತ್ತೈದು ಲೆಕ್ಕ, ತಲಾ ಎರಡು ಅಂಕ. ಐವತ್ತಕ್ಕೆ ನಲವತ್ತು ಬಂದರೆ ಒಳಗೆ, ಮೂವತ್ತೆಂಟು ಬಂದರೆ ಹೊರಗೆ. ಉತ್ತರವನ್ನು ಒಂದು ಚೌಕದೊಳಗೆ ಬರೆಯಬೇಕು, ಅಷ್ಟೆ. ಪಕ್ಕದಲ್ಲಿ ಮಾಡಿದ ರಫ್ ಕೆಲಸವನ್ನು ನಾವು ನೋಡುವುದಿಲ್ಲ. ಕೀ ಆನ್ಸರ್ ಪಕ್ಕದಲ್ಲಿಟ್ಟುಕೊಂಡು ಹೊಂದಿದರೆ ಟಿಕ್, ಹೊಂದದಿದ್ದರೆ ಇಂಟು.

ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಹುಡುಗರ ವಾಟ್ಸಾಪಿನಲ್ಲಿ ಓಡಾಡುತ್ತಿದೆ ಅಂತ ಗೊತ್ತಾಗಿ ಈ ಸಲ ಲೆಕ್ಕಗಳನ್ನು ಬದಲಾಯಿಸಬೇಕಾಯಿತು. ನಮ್ಮ ವಿಭಾಗದ ಹೊಸ ಲೆಕ್ಚರರ್ ಉಮಾಶ್ರೀ ಕಂಪ್ಯೂಟರಿನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ಅನ್ನುವುದನ್ನು ನನಗೆ ಹೇಳಿಕೊಟ್ಟಿದ್ದಳು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಕೂತೆ. x+4 ಇದ್ದಲ್ಲೆಲ್ಲ 5x+4 ಆಗಲಿ ಅಂದೆ, ಆಯಿತು. ಇನ್ನೊಂದು ಕಡೆ x ಹೋಗಿ 3x ಬಂತು. ಪ್ರಶ್ನೆಯೂ ಕೀ ಆನ್ಸರೂ ಒಂದೇ ಫೈಲಿನಲ್ಲಿದ್ದವು, ಎರಡೂ ಒಟ್ಟಿಗೇ ಬದಲಾದವು. ಹತ್ತು ನಿಮಿಷದಲ್ಲಿ ಹೊಸ ಪೇಪರ್ ರೆಡಿ. ಅವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಬೆಳಿಗ್ಗೆ ಪಟ್ಟಿ ಹಾಕಿದೆವು, ಪಕ್ಕದಲ್ಲೇ ಕೀ ಆನ್ಸರನ್ನೂ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದೆ, ಬಾಗಿಲಲ್ಲಿ ದಾನಮ್ಮ ನಿಂತಿದ್ದಳು. ಹುನಗುಂದದ ಕಡೆಯ ಹುಡುಗಿ, ಹಿಂದಿನ ಬೆಂಚಿನವಳು, ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳಿಗೆ ಮೂವತ್ತಾರು ಬಂದಿತ್ತು. ಕೈಯಲ್ಲಿ ಉತ್ತರಪತ್ರಿಕೆ ಹಿಡಿದುಕೊಂಡು, ಏಳನೇ ಮತ್ತು ಹನ್ನೊಂದನೇ ಉತ್ತರಕ್ಕೆ ಯಾಕೆ ಇಂಟು ಹಾಕಿದ್ದೀರಿ ಅಂತ ಕೇಳಿದಳು. ಕೀ ಆನ್ಸರಿಗೆ ಹೊಂದಿಲ್ಲ, ಅದಕ್ಕೆ, ಅಂದೆ. ಊಟದ ಹೊತ್ತಿನಲ್ಲಿ ಬಂದು ತಲೆ ತಿನ್ನಬೇಡ ಅಂತಲೂ ಅಂದೆ. ಅವಳು ಹೋಗಲಿಲ್ಲ.

ಉಮಾಶ್ರೀ ನನ್ನ ಕಿವಿಯ ಹತ್ತಿರ ಬಂದು ವಿಷಯ ಹೇಳಿದಳು. ದಾನಮ್ಮನ ತಂದೆ ದುಂಡಪ್ಪ ಗಾರೆ ಕೆಲಸದವರು. ಬಾಪೂಜಿ ನಗರದಲ್ಲಿ ಒಂದು ರೂಮು ಮಾಡಿಕೊಂಡು ಕೆಂಗೇರಿಯ ಸೈಟಿಗೆ ಹೋಗಿಬರುತ್ತಿದ್ದರು. ಅಲ್ಲಿಯ ಕೆಲಸ ಮುಗಿದಿದೆ, ಭಾನುವಾರ ಮನೆಮಂದಿಯೆಲ್ಲ ಹೊಸೂರಿನ ಸೈಟಿಗೆ ಹೊರಡುತ್ತಾರೆ. ಹಾಸ್ಟೆಲ್ ಸಿಕ್ಕರೆ ಹುಡುಗಿ ಇಲ್ಲಿ ಉಳಿಯುತ್ತಾಳೆ, ಸಿಗದಿದ್ದರೆ ಅವಳೂ ಹೊರಡಬೇಕು. ಓದು ಅಲ್ಲಿಗೆ ನಿಂತ ಹಾಗೆ.

ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ, ಅದೊಂದು ಕೆಟ್ಟ ಗುಣ. ಕನಿಕರಕ್ಕೆಲ್ಲ ಅಂಕ ಕೊಡುವ ಆಸಾಮಿ ನಾನಲ್ಲ ಅಂತ ಜೋರಾಗಿಯೇ ಹೇಳಿದೆ.

"ಕನಿಕರ ಬ್ಯಾಡ್ರಿ ಸರ್," ಅಂದಳು ದಾನಮ್ಮ. "ನಿಮ್ಮ ಉತ್ತರಾನ ಡಿಫರೆನ್ಷಿಯೇಟ್ ಮಾಡಿ ನೋಡ್ರಿ. ಒಂದು ಐದು ಹೆಚ್ಚಿಗಿ ಬರತೈತಿ."

ಕೆಮಿಸ್ಟ್ರಿಯ ಸೇತುರಾಮ ಮೊಸರನ್ನ ಕಲಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ನನಗೇ ಪಾಠ ಹೇಳೋಕೆ ಬಂದೆಯಾ ತಾಯಿ, ಬಾ, ಎಲ್ಲರ ಮುಂದೆ ಮಾಡಿ ತೋರಿಸು ಅಂತ ಡಬ್ಬಿ ಮುಚ್ಚಿ ಎದ್ದೆ. ಪಕ್ಕದ ಖಾಲಿ ತರಗತಿಗೆ ನಡೆದೆವು. ಸೇತುರಾಮನೂ ಎಂಜಲು ಕೈಯಲ್ಲೇ ಹಿಂದೆ ಬಂದ, ಇಂಥದ್ದನ್ನೆಲ್ಲ ತಪ್ಪಿಸಿಕೊಳ್ಳುವವನಲ್ಲ ಅವನು.

ಏಳನೇ ಲೆಕ್ಕ cos(5x+4) ಅನ್ನು ಅನುಕಲಿಸುವುದು. ನನ್ನ ಕೀ ಪ್ರಕಾರ ಉತ್ತರ sin(5x+4)+C. ಅವಳು ಬರೆದಿದ್ದು ಅದರ ಐದನೇ ಒಂದು ಭಾಗ, (1/5) sin(5x+4)+C. ಅವಳು ಮೊದಲು ನನ್ನ ಉತ್ತರವನ್ನೇ ಬೋರ್ಡಿನ ಮೇಲೆ ಬರೆದಳು, ಅಕ್ಷರ ಮುದ್ದಾಗಿತ್ತು. ಅದರ ಕೆಳಗೆ ಅವಕಲನ, ಅಂದರೆ ಡಿಫರೆನ್ಷಿಯೇಟ್, ಮಾಡಿದಳು. ಸೈನ್ ಹೋಗಿ ಕಾಸ್ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಒಳಗಿರುವ 5x+4 ಅನ್ನೂ ಅವಕಲಿಸಿದಳು, ಅದರಿಂದ 5 ಬಂತು, ಅದನ್ನು ಗುಣಿಸಿದಳು. ಬೋರ್ಡಿನ ಮೇಲೆ 5cos(5x+4) ನಿಂತಿತು. ಪ್ರಶ್ನೆಯಲ್ಲಿದ್ದದ್ದು ಬರೀ cos(5x+4).

"ತಿರುಗಿ ಅದ ಬರಬೇಕಲ್ರಿ ಸರ್," ಅಂದಳು. "ನಿಮ್ಮದು ಐದು ಪಟ್ಟು ಬಂತು. ಐದರಿಂದ ಭಾಗಿಸಿದ್ರ ಸರಿ ಆಕ್ಕೈತಿ."

ಚೈನ್ ರೂಲ್. ಒಳಗಿನದರ ಅವಕಲನದಿಂದ ಗುಣಿಸಿ, ಮರೆತರೆ ಕಿವಿ ಹಿಂಡುತ್ತೇನೆ ಅಂತ ಮೂವತ್ತೊಂದು ವರ್ಷ ಕೂಗಾಡಿದ್ದು ಯಾರು? ಅನುಕಲನ ಮಾಡಿದ ಮೇಲೆ ಉತ್ತರವನ್ನು ಅವಕಲಿಸಿ ನೋಡಿ, ಹೊರಟಲ್ಲಿಗೇ ವಾಪಸ್ ಬರಬೇಕು ಅಂತ ಪ್ರತಿ ಕ್ಲಾಸಿನಲ್ಲಿ ಬಡಬಡಿಸಿದ್ದು ಯಾರು? ಕಂಪ್ಯೂಟರಿಗೆ ಬದಲಾಯಿಸು ಅಂದಿದ್ದೆ, ಬದಲಾಯಿಸಿತ್ತು. ಐದರಿಂದ ಭಾಗಿಸಬೇಕು ಅಂತ ಅದಕ್ಕೇನು ಗೊತ್ತು. ನೋಡಬೇಕಾದವನು ನಾನು, ನೋಡಿರಲಿಲ್ಲ.

ಹನ್ನೊಂದನೆಯದೂ ಅದೇ ಕತೆ. e ಯ ಘಾತ 3x, ನನ್ನ ಉತ್ತರವನ್ನು ಅವಕಲಿಸಿದರೆ ಮೂರು ಪಟ್ಟು ಬರುತ್ತಿತ್ತು, ಅವಳು ಮೂರರಿಂದ ಭಾಗಿಸಿದ್ದಳು. ಎರಡು ಲೆಕ್ಕ, ನಾಲ್ಕು ಅಂಕ. ಮೂವತ್ತಾರಕ್ಕೆ ನಾಲ್ಕು ಸೇರಿ ನಲವತ್ತು. ಸೇತುರಾಮ ಎಡಗೈಯಿಂದ ಬೆಂಚು ಕುಟ್ಟಿದ.

ಆದರೆ ನನ್ನ ತಲೆ ಕೆಟ್ಟುಹೋಗಿತ್ತು. ಎರಡು ತಪ್ಪಿದ್ದರೆ ಇನ್ನೆಷ್ಟಿವೆಯೋ? ಇಪ್ಪತ್ತೈದನ್ನೂ ಅವಕಲಿಸಿ ನೋಡೋಣ, ನಿನ್ನ ಉತ್ತರವನ್ನೂ ನನ್ನದನ್ನೂ, ಅಂದೆ. ಅವಳು ನಾಲ್ಕನ್ನು ಖಾಲಿ ಬಿಟ್ಟಿದ್ದಳು, ಉಳಿದವನ್ನು ಒಂದೊಂದಾಗಿ ಬರೆಯುತ್ತಾ ಹೋದಳು. ನಾನು ಬಾಯಲ್ಲಿ ಹೇಳುತ್ತಾ ಹೋದೆ, ಉಮಾಶ್ರೀ ಕೀಯನ್ನು ತಿದ್ದುತ್ತಾ ಹೋದಳು. ಇಪ್ಪತ್ತೊಂದಕ್ಕೆ ಬಂದಾಗ ದಾನಮ್ಮನ ಸೀಮೆಸುಣ್ಣ ನಿಂತಿತು.

ಅದು 4x+1 ರ ಘನದ ಅನುಕಲನ. ಅವಳು 4x+1 ರ ನಾಲ್ಕನೇ ಘಾತವನ್ನು ನಾಲ್ಕರಿಂದ ಭಾಗಿಸಿ ಬರೆದಿದ್ದಳು. ನನ್ನ ಕೀಯಲ್ಲೂ ಅದೇ ಇತ್ತು, ಟಿಕ್ ಬಿದ್ದಿತ್ತು, ಎರಡು ಅಂಕ ಸಿಕ್ಕಿತ್ತು. ಅವಕಲಿಸಿದರೆ ಘಾತದ ನಾಲ್ಕು ಮತ್ತು ಕೆಳಗಿನ ನಾಲ್ಕು ಹೊಡೆದುಹೋಗಿ, ಒಳಗಿನ 4x ನಿಂದ ಬಂದ ಇನ್ನೊಂದು ನಾಲ್ಕು ಹಾಗೇ ಉಳಿಯುತ್ತದೆ. ಹದಿನಾರರಿಂದ ಭಾಗಿಸಬೇಕಿತ್ತು. ಪರೀಕ್ಷೆಯ ಕೊನೆಯಲ್ಲಿ ಅವಸರದಲ್ಲಿ ಅವಳು ಪರೀಕ್ಷಿಸದೆ ಬರೆದ ಉತ್ತರ ಅದೊಂದೇ.

"ಸರ್, ಇದು ತಪ್ಪೈತ್ರಿ," ಅಂದಳು ಮೆಲ್ಲಗೆ. "ನನಗ ಮಾರ್ಕ್ಸ್ ಕೊಟ್ಟೀರಿ, ತಗೀರಿ."

ಯಾರೂ ನೋಡಿರಲಿಲ್ಲ. ಅವಳು ಸುಮ್ಮನೆ ಮುಂದಿನ ಲೆಕ್ಕಕ್ಕೆ ಹೋಗಿದ್ದರೆ ನಾನೂ ಆ ಗಡಿಬಿಡಿಯಲ್ಲಿ ದಾಟಿಬಿಡುತ್ತಿದ್ದೆನೋ ಏನೋ. ಇರಲಿ ಬಿಡಿ ಸಾರ್ ಅಂತ ಉಮಾಶ್ರೀ ಗೋಗರೆದಳು. ಇರಲಿ ಅನ್ನಲು ನನಗೂ ಬಹಳ ಆಸೆಯಿತ್ತು, ಆಣೆ ಮಾಡಿ ಹೇಳುತ್ತೇನೆ. ಬಾಯಿ ಬರಲಿಲ್ಲ. ಟಿಕ್ ಹೊಡೆದುಹಾಕಿ ಇಂಟು ಹಾಕಿದೆ. ಮೂವತ್ತೆಂಟು. ಹುಡುಗಿ ಕಣ್ಣೊರೆಸಿಕೊಳ್ಳಲಿಲ್ಲ, ಸೀಮೆಸುಣ್ಣದ ಪುಡಿಯನ್ನು ಲಂಗಕ್ಕೆ ಒರೆಸಿಕೊಂಡಳು.

ಕೊನೆಯ ನಾಲ್ಕೂ ಸರಿಯಿದ್ದವು. ಅಂಕ ಅಲ್ಲೇ ನಿಂತಿತು. ನಾನು ಪತ್ರಿಕೆಯನ್ನು ಮೊದಲಿನಿಂದ ಮತ್ತೆ ತಿರುವಿದೆ. ಯಾವುದಾದರೂ ಒಂದು ಉಳಿದಿದೆಯಾ ಅಂತ ಹುಡುಕುವುದಕ್ಕೆ, ಸುಳ್ಳು ಯಾಕೆ ಹೇಳಲಿ. ಹದಿನೆಂಟನೆಯದರ ಮೇಲೆ ಇಂಟು ಇತ್ತು. ಪ್ರಶ್ನೆ 2 sin x cos x. ಅದನ್ನು ಕಂಪ್ಯೂಟರ್ ಮುಟ್ಟಿರಲಿಲ್ಲ. ಕೀ sin²x + C ಅನ್ನುತ್ತಿತ್ತು, ಅದು ಖಂಡಿತ ಸರಿ. ಅವಳು ಬರೆದಿದ್ದು –cos²x + C. ಇದನ್ನು ಯಾಕೆ ಬೋರ್ಡಿನ ಮೇಲೆ ಬಿಟ್ಟುಬಿಟ್ಟೆ ಅಂತ ಕೇಳಿದೆ. ನಿಮ್ಮ ಉತ್ತರ ಅವಕಲಿಸಿದಾಗ ಸರಿ ಬಂತು, ನನ್ನದು ಬೇರೆ ಇದೆ, ಅಂದರೆ ನನ್ನದು ತಪ್ಪಿರಬೇಕು ಅಂತ ಬಿಟ್ಟೆ ಅಂದಳು.

ಸೀಮೆಸುಣ್ಣ ನಾನೇ ಕಿತ್ತುಕೊಂಡೆ. cos²x ಅವಕಲಿಸಿದರೆ ಮೊದಲು 2cos x, ಆಮೇಲೆ ಒಳಗಿನ ಕಾಸ್‌ನಿಂದ ಮೈನಸ್ sin x. ಮುಂದೆ ಆಗಲೇ ಒಂದು ಮೈನಸ್ ಇದೆ. ಮೈನಸ್ಸಿಗೆ ಮೈನಸ್ ಹೊಡೆದುಹೋಗಿ 2 sin x cos x. ಹೊರಟಲ್ಲಿಗೇ ವಾಪಸ್.

"ಸರಿ ಇದೆ ಕಣಮ್ಮಾ, ನಿಂದೂ ಸರಿ ಇದೆ," ಅಂದೆ. "ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಒಂದು ತಾನೆ? ನಮ್ಮಿಬ್ಬರ ಉತ್ತರಕ್ಕೂ ಇರೋ ವ್ಯತ್ಯಾಸ ಆ ಒಂದು ಮಾತ್ರ. ಅದು ಕೊನೆಯ ಸ್ಥಿರಾಂಕ C ಒಳಗೆ ಹೋಗುತ್ತೆ."

ನನ್ನ ದನಿ ಕಾರಿಡಾರಿನ ಆ ತುದಿಗೂ ಕೇಳಿಸಿತಂತೆ, ಯಾರಿಗೋ ಬಯ್ಯುತ್ತಿದ್ದಾರೆ ಅಂದುಕೊಂಡು ಪ್ರಿನ್ಸಿಪಾಲರು ಓಡಿಬಂದರು. ಬಂದವರಿಗೆ ಕಂಡದ್ದು ಕುಣಿಯುತ್ತಿರುವ ಉಮಾಶ್ರೀ, ಒಣಗಿದ ಮೊಸರಿನ ಕೈಯಲ್ಲೇ ಚಪ್ಪಾಳೆ ತಟ್ಟುತ್ತಿರುವ ಸೇತುರಾಮ, ಮತ್ತು ಬೋರ್ಡಿನ ಮೇಲೆ ಇಷ್ಟು ದೊಡ್ಡದಾಗಿ ನಾನು ಬರೆದ ನಲವತ್ತು. ದಾನಮ್ಮ ಆಗ ಅತ್ತಳು. ನಾನೂ ಅತ್ತೆ, ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತು ಅಂತ ಯಾರಿಗೂ ನೆಪ ಹೇಳಲಿಲ್ಲ.

ಶನಿವಾರ ಪೂರ್ತಿ ಕೂತು ಎಪ್ಪತ್ತೆರಡು ಪತ್ರಿಕೆಯನ್ನೂ ಮತ್ತೆ ತಿದ್ದಿದೆ. ಇನ್ನಿಬ್ಬರು ಮೇಲೆ ಬಂದರು. ಪಟ್ಟಿಯಲ್ಲಿದ್ದ ಮೂವರ ಅಂಕ ಇಳಿಯಿತು. ತಪ್ಪು ನನ್ನದು, ಅವರನ್ನು ತೆಗೆಯಬೇಡಿ ಅಂತ ಪ್ರಿನ್ಸಿಪಾಲರ ಹತ್ತಿರ ಹಟ ಹಿಡಿದೆ, ಒಪ್ಪಿದರು.

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಮುಂದೆ ಒಂದು ಗೂಡ್ಸ್ ಆಟೋ ನಿಂತಿತ್ತು. ಪಾತ್ರೆ, ಚಾಪೆ, ಗಾರೆ ಸಾಮಾನು, ಮೇಲೆ ಹಗ್ಗ. ಇಡೀ ಸಂಸಾರ ಅದರಲ್ಲೇ ಇತ್ತು. ದುಂಡಪ್ಪ ಹಗ್ಗ ಬಿಚ್ಚಿ ಒಂದು ಟ್ರಂಕನ್ನೂ ಒಂದು ಹಾಸಿಗೆಯನ್ನೂ ಕೆಳಗಿಳಿಸಿದರು. ನನ್ನನ್ನು ಕಂಡವರೇ ತಲೆಯ ಟವೆಲ್ ತೆಗೆದು ಹತ್ತಿರ ಬಂದರು.

"ನಮ್ಮ ಹುಡುಗಿ ಪಾಸಾದಳಂತಲ್ರಿ ಸರ್," ಅಂದರು. "ನಿಮ್ಮ ಉಪಕಾರ ಆತು."

"ಉಪಕಾರ ಏನಿಲ್ಲ ಸ್ವಾಮಿ. ಅವಳು ಪಾಸು, ನಾನು ಫೇಲು," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ದಾನಮ್ಮನಿಗೆ ಆಯಿತು, ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ಟ್ರಂಕಿನ ಒಂದು ಹಿಡಿ ಅವಳು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ, ಇಬ್ಬರೂ ಮೆಟ್ಟಿಲು ಹತ್ತಿದೆವು.