ಬನ್ನಿಯ ನಡುವಿನ ಮಾತು

ಮಸ್ಕತ್ತಿನ ಮನೆಯಲ್ಲಿ ಭಾಗ್ಯಶ್ರೀ ದಸರಾ ವಿಡಿಯೋದ ಮಾತುಗಳನ್ನು ಮತ್ತೊಮ್ಮೆ ಬರೆಯಲಿಕ್ಕೆ ಕೂತಳು. ಊರು ದಂಡೋತಿಯಲ್ಲಿರುವ ಮಾವ ಗುರುಲಿಂಗಯ್ಯನಿಗೆ ಕಿವಿ ಮಂದ. ಅದಕ್ಕೇ ಪ್ರತಿ ಮಾತನ್ನೂ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎದೆಗೆ ಹಿಡಿಯುವುದು ಈ ಮನೆಯ ರೂಢಿ. ಮೊದಲು ಮಗಳು ಶಿವಗಂಗಾಳ ಶರಣು, ಆಮೇಲೆ ನಗೆಮಾತು, ಆಮೇಲೆ ಸುದ್ದಿ, ಕೊನೆಗೆ ಬನ್ನಿ. ಮುಖಕ್ಕೆ ಕಿಟಕಿಯ ಬೆಳಕು ಬೀಳಬೇಕು. ಮುದುಕ ಓದಿ ಮುಗಿಸುವ ತನಕ ರಟ್ಟು ಅಲುಗಬಾರದು.

ನಾಗರ ಪಂಚಮಿಯ ವಿಡಿಯೋದಲ್ಲಿ ಸುದ್ದಿಯನ್ನು ಕೊನೆಯಲ್ಲಿಟ್ಟು ಕೆಟ್ಟಿದ್ದಳು: ಹೊಲದ ಕಾಗದಕ್ಕೆ ಸಹಿ ಮಾಡಬೇಡಿ, ಕಲ್ಲುಗಣಿಯವರು ಬಾವಿಯನ್ನೂ ನುಂಗುತ್ತಾರೆ ಎಂದು. ಮುದುಕರ ಹತ್ತಿರ ಫೋನಿಲ್ಲ. ವಿಡಿಯೋ ತೋರಿಸುವವನು ಅದೇ ಮನೆಯಲ್ಲಿರುವ ಮಾವನ ಅಣ್ಣನ ಮಗ ಸಂಗಮೇಶ್ವರ; ಗಣಿಯವರಿಗೆ ಹೊಲ ಕೊಡಿಸುವ ದಲಾಲಿ ಅವನೇ. ಹೋಗಿಬರ್ತೀವಿ ಅನ್ನದೇ ಯಾಕೆ ಮುಗಿಸಿದ್ರಿ ಅಂತ ಅತ್ತಿ ಭಾಗಮ್ಮ ಕೇಳಿದಾಗಲೇ, ಅವನು ವಿಡಿಯೋದ ಬಾಲ ಕತ್ತರಿಸಿ ತೋರಿಸಿದ್ದು ಗೊತ್ತಾದದ್ದು.

ಈ ಸಲ ಆ ಕ್ರಮ ಬಿಟ್ಟು ಸುದ್ದಿಯನ್ನು ಬನ್ನಿಯ ನಡುವೆ ತುರುಕಿದಳು. ಮೊಮ್ಮಗಳು ಎಲೆ ಚಾಚಿ, ರಟ್ಟು ಎತ್ತಿ, ಬಗ್ಗಿ ನಮಸ್ಕಾರ ಮಾಡುವುದು ಒಂದೇ ಉಸಿರಿಗೆ. ಕತ್ತರಿಸಿದರೆ ಬನ್ನಿ ಕೊಡುವುದೇ ಕೆಡುತ್ತದೆ. ಬನ್ನಿ ಇಲ್ಲದ ದಸರಾ ಅಂದರೆ ಭಾಗಮ್ಮ ಓಣಿಯನ್ನೇ ಕರೆದಾಳು.

ಗಂಡ ಸಿದ್ಧಲಿಂಗ ಸಿಮೆಂಟ್ ಭಟ್ಟಿಯ ಕೆಲಸಗಾರ. ಊರ ಹತ್ತಿರದ ವಾಡಿ ಕಾರ್ಖಾನೆಯ ಧೂಳು ಕುಡಿದೇ ಇಲ್ಲಿಗೆ ಬಂದವನು. ರಟ್ಟು ಓದಿ ಬೋರಲಿಟ್ಟ.

“ಅಪ್ಪ-ಅವ್ವ ಉಣ್ಣೋದು ಸಂಗಮೇಶ್ವರನ ಒಲಿ ಮ್ಯಾಲಿಂದು, ಭಾಗ್ಯಾ.”

“ಅದಕ್ಕ ಅವನ ಮಾತೂ ಉಣ್ಣಬೇಕೇನು?”

ಇಲ್ಲಿಯ ಮರಳುಗಾಡಿನಲ್ಲಿ ಗಾಫ್ ಎನ್ನುವ ಮರ ನಮ್ಮ ಬನ್ನಿಯೇ, ಹಬ್ಬಕ್ಕೆ ಬಂಗಾರವೆಂದು ಕೊಡುವ ಎಲೆಯದು. ಶಿವಗಂಗಾ ಅದರ ಎಲೆ ಹಿಡಿದು, ಇಲ್ಲಿ ಒಂಟಿ ಬಂಗಾರ ತಿಂತಾವಜ್ಜಾ, ಹಾಲು ಮಾತ್ರ ಬಿಳೀನೇ, ಅಂದಳು. ರಟ್ಟು ಎತ್ತಿದಳು. ಬಗ್ಗಿದಳು.

ಸಂಜೆ ಉತ್ತರದ ವಿಡಿಯೋ ಬಂತು. ಭಾಗಮ್ಮ ಒಂಟೆಯ ಮಾತಿಗೆ ಸೆರಗು ಕಚ್ಚಿ ನಗುತ್ತಿದ್ದಳು. ಗುರುಲಿಂಗಯ್ಯ ನಗಲಿಲ್ಲ.

“ಓದೀನವ್ವಾ. ಸಹಿ ಮಾಡಂಗಿಲ್ಲ. ಇವನಿಗೂ ಹೇಳೀನಿ.”

ಫೋನು ಹಿಡಿದವನ ದನಿ ಹಿಂದಿನಿಂದ ಸಮಾಧಾನವಾಗೇ ಕೇಳಿತು, ಸಾಕ್ರಿ ಕಾಕಾ. ಚಿತ್ರ ನೆಲಕ್ಕೆ ವಾಲಿ ಆರಿತು. ಬೆನ್ನಿಗೇ ಸಂದೇಶ ಬಂತು: “ಮುಂದಿನ ಹಬ್ಬಕ್ಕ ಏನ್ ಮಾತಾಡಬೇಕು ನಾನೇ ಬರದ ಕಳಸ್ತೀನಿ, ವೈನಿ. ತ್ರಾಸ ತಗೋಬ್ಯಾಡ್ರಿ.”

ಅಲ್ಲಿಂದಾಚೆ ಅವನು ಫೋನು ಎತ್ತಲಿಲ್ಲ.

ಹಬ್ಬದ ರಜೆ ಮುಗಿದು ಚಿತ್ತಾಪುರದ ನೋಂದಣಿ ಕಚೇರಿ ತೆರೆದ ದಿನ ಭಾಗ್ಯಶ್ರೀ ದಂಡೋತಿಯಲ್ಲಿ ಮಾವನ ಪಕ್ಕದ ಮನೆಯ ಆಶಾಬಿಗೆ ಫೋನ್ ಹಚ್ಚಿದಳು. ಅತ್ತಿ-ಮಾವನ ಕೈಯಾಗ ಫೋನ್ ಕೊಡು ಅಂದಳು. ಆಶಾಬಿ ಚಪ್ಪಲಿ ಮೆಟ್ಟಿ ಹೋದದ್ದು ಕೇಳಿಸಿತು. ಬಾಗಿಲು ಬಡಿದದ್ದು ಕೇಳಿಸಲಿಲ್ಲ.

“ಕೀಲಿ ಹಾಕ್ಯದವ್ವಾ. ನಸುಕಿನ್ಯಾಗ ಜೀಪು ಬಂದಿತ್ತು. ಚಿತ್ತಾಪುರಕ್ಕ, ಕಣ್ಣು ತೋರಸಾಕ ಅಂದ ಸಂಗಮೇಶ್ವರ. ಮುದುಕ ಹತ್ತಾಕ ಒಲ್ಲೆ ಅನ್ನಾಕತ್ತಿದ್ದ. ಇಬ್ಬರು ಹಿಡದು ಹತ್ತಿಸಿದ್ರು.”